100 ವ್ಯಾಟ್ ಚಾರ್ಜರ್ 60ಕ್ಕೇ ನಿಲ್ಲುತ್ತಿದೆಯೇ? ಕೇಬಲ್ ಹೀಗೆ ಪರೀಕ್ಷಿಸಿ

‘ಚಾರ್ಜರ್ 100 ವ್ಯಾಟಿನದ್ದು ಮಾರಾಯ್ರೆ, ಆದ್ರೂ ವಿಡಿಯೊ ಎಡಿಟಿಂಗಿಗೆ ಕೂತರೆ ಲ್ಯಾಪ್‌ಟಾಪ್ ಬ್ಯಾಟರಿ ಇಳೀತದೆ.’ ಶಿರಸಿ ಕಡೆ ಮನೆಯಿಂದಲೇ ಕೆಲಸ ಮಾಡುವವರು ಹೀಗೆ ಹೇಳಿದರೆ ಮೊದಲು ಅನುಮಾನಪಡಬೇಕಾದದ್ದು ಕೇಬಲ್ ಮೇಲೆ. ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತಿನಲ್ಲೇ ಬ್ಯಾಟರಿ ತುಂಬಿಸಿಕೊಳ್ಳಬೇಕಾದ ಊರಲ್ಲಿ ಇದು ಸಣ್ಣ ತಾಪತ್ರಯ ಅಲ್ಲ.

100 ವ್ಯಾಟ್ ಅಂದರೆ 20 ವೋಲ್ಟ್, 5 ಆಂಪಿಯರ್. ಯುಎಸ್‌ಬಿ-ಸಿ ನಿಯಮದಂತೆ, 3 ಆಂಪಿಯರ್‌ಗಿಂತ ಜಾಸ್ತಿ ಒಯ್ಯುವ ಕೇಬಲ್‌ನ ಪ್ಲಗ್ ಒಳಗೆ ‘ಇ-ಮಾರ್ಕರ್’ ಎಂಬ ಪುಟ್ಟ ಚಿಪ್ ಇರಬೇಕು. ಅದು ಕರೆಂಟನ್ನು ಹೆಚ್ಚಿಸುವುದೂ ಇಲ್ಲ, ತಡೆಯುವುದೂ ಇಲ್ಲ. ಚಾರ್ಜರ್ ‘ನೀನು ಎಷ್ಟು ಒಯ್ಯಬಲ್ಲೆ’ ಎಂದು ಕೇಳಿದಾಗ ‘5 ಆಂಪಿಯರ್’ ಎಂದು ಉತ್ತರಿಸುತ್ತದೆ, ಅಷ್ಟೇ. ಉತ್ತರ ಬರದಿದ್ದರೆ ಚಾರ್ಜರ್ 3 ಆಂಪಿಯರ್ ದಾಟುವುದಿಲ್ಲ. 20 ವೋಲ್ಟ್, 3 ಆಂಪಿಯರ್: ಹೀಗಾಗಿ 60 ವ್ಯಾಟ್.

ಪರೀಕ್ಷೆಗೆ ವೋಲ್ಟ್, ಆಂಪಿಯರ್ ತೋರಿಸುವ ಒಂದು ಯುಎಸ್‌ಬಿ-ಸಿ ಮೀಟರ್ ಸಾಕು. ಅದೂ 5 ಆಂಪಿಯರ್ ತಾಳುವಂಥದ್ದೇ ಇರಲಿ. ಚಾರ್ಜರ್ ಮೇಲೆ 20V 5A ಎಂದು ಬರೆದಿದೆಯೇ, ಲ್ಯಾಪ್‌ಟಾಪ್ ಅಷ್ಟು ಎಳೆಯುವಂಥದ್ದೇ ನೋಡಿಕೊಳ್ಳಿ. ಬ್ಯಾಟರಿ ಅರ್ಧಕ್ಕಿಂತ ಕೆಳಗಿರಲಿ. ತುಂಬಿದ ಬ್ಯಾಟರಿ ಹೇಗೂ ಕಡಿಮೆ ಎಳೆಯುತ್ತದೆ. ಮೀಟರನ್ನು ಲ್ಯಾಪ್‌ಟಾಪ್ ತುದಿಯಲ್ಲಿ ಸಿಕ್ಕಿಸಿ, ಭಾರದ ಕೆಲಸವೊಂದನ್ನು ಓಡಿಸಿ. ಎಷ್ಟು ಹೊತ್ತಾದರೂ 3 ಆಂಪಿಯರ್ ಹತ್ತಿರವೇ ನಿಂತರೆ, ನಿಮ್ಮ ಕೇಬಲ್‌ನಲ್ಲಿ ‘5 ಆಂಪಿಯರ್’ ಎನ್ನುವ ಚಿಪ್ ಇಲ್ಲ ಅಂತಲೇ ಲೆಕ್ಕ. ಅದನ್ನು ಎಸೆಯಬೇಡಿ, ಫೋನಿಗೆ ಧಾರಾಳವಾಗಿ ಸಾಕು.

ನಿಜವಾದ ಅಪಾಯ ಸುಳ್ಳು ಹೇಳುವ ಚಿಪ್‌ನದ್ದು. ತಂತಿ ತೆಳು, ಚಿಪ್ ಮಾತ್ರ ‘5 ಆಂಪಿಯರ್’ ಅನ್ನುತ್ತದೆ. ಚಾರ್ಜರ್‌ಗೆ ತಂತಿಯ ದಪ್ಪ ಕಾಣುವುದಿಲ್ಲ, ನಂಬಿ ಕರೆಂಟ್ ಬಿಡುತ್ತದೆ. ಹೋಗಿ ಬರುವ ತಂತಿಯ ಒಟ್ಟು ರೋಧ 0.3 ಓಮ್ ಅಂದುಕೊಳ್ಳಿ. 3 ಆಂಪಿಯರ್‌ನಲ್ಲಿ ಕೇಬಲ್ಲೇ ನುಂಗುವುದು 2.7 ವ್ಯಾಟ್. 5 ಆಂಪಿಯರ್‌ನಲ್ಲಿ 7.5 ವ್ಯಾಟ್! ಅಷ್ಟೂ ಬಿಸಿಯಾಗಿ ಹೋಗುತ್ತದೆ. ಮೀಟರ್‌ನಲ್ಲಿ ವೋಲ್ಟೇಜ್ 18.5ಕ್ಕೆ ಇಳಿದಿರುತ್ತದೆ. ಒಳ್ಳೆಯ ಕೇಬಲ್‌ನಲ್ಲಿ ಮುಕ್ಕಾಲು ವೋಲ್ಟ್‌ಗಿಂತ ಜಾಸ್ತಿ ಇಳಿಯಬಾರದು.

ಕಾಲು ತಾಸು ಬಿಟ್ಟು ಕೇಬಲ್ ಮುಟ್ಟಿ ನೋಡಿ. ಉದ್ದಕ್ಕೂ ಸುಡುತ್ತಿದ್ದರೆ ತಾಮ್ರ ಸಾಲದು, ಬಳಸುವುದನ್ನು ನಿಲ್ಲಿಸಿ. ಪ್ಲಗ್ ತುದಿ ಮಾತ್ರ ಸುಟ್ಟರೆ ಕಥೆ ಬೇರೆ: ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಗೆ ಒಳಗಿನ ಪಿನ್‌ಗಳು ಕಪ್ಪಗೋ ಹಸಿರಾಗೋ ತಿರುಗಿರಬಹುದು. ಟಾರ್ಚ್ ಹಾಕಿ ನೋಡಿ. ಹಾಗಿದ್ದರೆ ಕೇಬಲ್ ಬದಲಿಸಿ, ಲ್ಯಾಪ್‌ಟಾಪಿನ ಪೋರ್ಟನ್ನೂ ರಿಪೇರಿಯವರಿಗೆ ತೋರಿಸಿ.