ರಟ್ಟೆ ನೋಡಿ ತೋಳು ಇಡೋದು: ನನ್ನ ಅನುಭವ

ಕಲಬುರಗಿಯಲ್ಲಿ ಬ್ಲೌಸ್ ಹೊಲಿಯುವ ನನ್ನ ಹತ್ತಿರ ಬರುವವರು ಕುತ್ತಿಗೆ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡುತ್ತಾರೆ. ಹಿಂದೆ ಎಷ್ಟು ಆಳ ಬೇಕು, ದೋರಿ ಬೇಕಾ, ಲಟ್ಕನ್ ಬೇಕಾ, ಎಲ್ಲದಕ್ಕೂ ಮೊಬೈಲ್‌ನಲ್ಲಿ ಫೋಟೊ ಇರುತ್ತದೆ. ತೋಳಿನ ಮಾತು ಬಂದರೆ ಮಾತ್ರ "ಮಾಮೂಲಿ ಇಡ್ರಿ" ಅಂದು ಮುಗಿಸುತ್ತಾರೆ. ಈ ಮಾಮೂಲಿ ಅಂದ್ರೆ 5ರಿಂದ 6 ಇಂಚು. ರಟ್ಟೆ ದಪ್ಪ ಇರುವವರಿಗೆ ಇದಕ್ಕಿಂತ ಕೆಟ್ಟ ಉದ್ದ ಇನ್ನೊಂದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಸುಲಭ. ತೋಳು ಎಲ್ಲಿ ಮುಗಿಯುತ್ತದೋ ಅಲ್ಲಿ ಕೈಗೆ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ. ನೋಡುವವರ ಕಣ್ಣು ಮೊದಲು ಆ ಗೆರೆ ಮೇಲೆ ನಿಲ್ಲುತ್ತದೆ. ಭುಜದ ಎಲುಬಿನ ತುದಿಯಿಂದ ಐದಾರು ಇಂಚು ಕೆಳಗೆ, ಬಗಲಿಗಿಂತ ಸ್ವಲ್ಪ ಕೆಳಗೆ, ಹೆಚ್ಚಿನವರ ರಟ್ಟೆ ಅತಿ ದಪ್ಪ ಇರುತ್ತದೆ. ಗೆರೆ ಸರಿಯಾಗಿ ಅಲ್ಲೇ ಬಿದ್ದರೆ ಇರುವ ದಪ್ಪ ಇನ್ನಷ್ಟು ಎದ್ದು ಕಾಣುತ್ತದೆ. ಗೆರೆಯನ್ನು ಕೆಳಗೆ ಇಳಿಸಿ, ಕೈ ಸಣ್ಣಗಾಗುತ್ತಾ ಬರುವ ಜಾಗಕ್ಕೆ ತಂದರೆ ಅದೇ ಕೈ ಬೇರೆ ಥರ ಕಾಣುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೆ ನಾನು ಕನ್ನಡಿ ಮುಂದೆ ನಿಲ್ಲಿಸಿ, ಸೀರೆ ಬಣ್ಣದ ಒಂದು ಬಟ್ಟೆ ತುಂಡನ್ನು ಕೈಗೆ ಸುತ್ತಿ ತೋರಿಸುತ್ತೇನೆ. ಮೊದಲು 5 ಇಂಚಿಗೆ, ಆಮೇಲೆ 8ಕ್ಕೆ, ಆಮೇಲೆ ಮೊಣಕೈ ಹತ್ತಿರಕ್ಕೆ ಇಳಿಸುತ್ತೇನೆ. ಬಲಗೈಗೇ ಸುತ್ತುತ್ತೇನೆ. ಎಡ ಭುಜದ ಮೇಲೆ ಸೆರಗು ಹಾಕುವವರಿಗೆ ಎಡಗೈ ಅರ್ಧ ಮುಚ್ಚಿಹೋಗಿ, ಎಲ್ಲರಿಗೂ ಕಾಣೋದು ಬಲಗೈ. ಕೆಲಸ ಮಾಡುವ ಕೈ ಎಷ್ಟೋ ಸಲ ಇನ್ನೊಂದಕ್ಕಿಂತ ಸ್ವಲ್ಪ ದಪ್ಪ ಕೂಡ ಇರುತ್ತದೆ. ಎಡಗೈ ಅಳತೆ ತಗೊಂಡು ಎರಡೂ ತೋಳು ಕತ್ತರಿಸಿದರೆ ಬಲಗೈ ಬಿಗಿಯುತ್ತದೆ.

ಒಬ್ಬ ಟೀಚರ್ ಅವರ ಬ್ಲೌಸ್ ಹೇಳಿದರೆ ಎಲ್ಲ ಅರ್ಥ ಆಗುತ್ತದೆ. ಅಕ್ಕನ ಮಗನ ಮದುವೆಗೆ ಇಳಕಲ್ ಸೀರೆ ತಂದಿದ್ದರು, ಜೊತೆಗೆ ಗುಳೇದಗುಡ್ಡದ ಖಣ. ಹಳೆ ಬ್ಲೌಸ್ ಒಂದನ್ನು ಅಳತೆಗೆ ಕೊಟ್ಟು, "ರಟ್ಟಿ ದಪ್ಪ ಕಾಣ್ತಾವ್ರಿ, ಸ್ವಲ್ಪ ಬಿಗಿಯಾಗಿ ಹೊಲೀರಿ, ಒಳಗ ಕೂಡ್ತಾವ" ಅಂದರು. ಅದನ್ನೇ ಹಾಕಿಕೊಂಡು ತೋರಿಸಿರಿ ಅಂದೆ. ತೋಳು ಐದೂವರೆ ಇಂಚಿಗೆ ನಿಂತಿತ್ತು. ಅಂಚಿನ ಕೆಳಗೆ ಮಾಂಸ ಉಬ್ಬಿಕೊಂಡು ಹೊರಗೆ ಬಂದಿತ್ತು. ಬ್ಲೌಸ್ ತೆಗೆದಾಗ ಕೈ ಸುತ್ತ ಕೆಂಪು ಗೆರೆ. "ಅಕ್ಕಾರ, ಬಿಗಿ ಮಾಡಿದ್ರ ಒಳಗ ಕೂಡಂಗಿಲ್ರಿ, ಕೆಳಗ ಜಾರ್ತದ" ಅಂದೆ. ಬಿಗಿ ತೋಳು ಕೈಯನ್ನು ಸಣ್ಣ ಮಾಡುವುದಿಲ್ಲ. ಇರುವುದನ್ನು ಒತ್ತಿ ಅಂಚಿನ ಕೆಳಗೆ ತಳ್ಳುತ್ತದೆ, ಅಷ್ಟೇ.

ಹಳೆ ಬ್ಲೌಸ್ ಬದಿಗಿಟ್ಟು ಮೈ ಮೇಲೆಯೇ ಅಳತೆ ತಗೊಂಡೆ. ಅತಿ ದಪ್ಪ ಇರುವಲ್ಲಿ ರಟ್ಟೆ ಸುತ್ತಳತೆ 15½ ಇಂಚು. ಮೊಣಕೈ ಮಡಿಕೆಗಿಂತ ಒಂದಿಂಚು ಮೇಲೆ, ಕೈ ಇಳಿಬಿಟ್ಟಾಗ 11¾. ಕೈ ಮಡಚಿಸಿ ಅದೇ ಜಾಗ ಅಳೆದರೆ 12¼. ಈ ಎರಡನೇ ಅಳತೆಯನ್ನು ಬಹಳ ಮಂದಿ ತಗೊಳ್ಳುವುದೇ ಇಲ್ಲ. ಊಟಕ್ಕೆ ಕೂತಾಗ, ಸೆರಗು ಸರಿ ಮಾಡಿಕೊಳ್ಳುವಾಗ ಕೈ ಮಡಚಲೇಬೇಕಲ್ವಾ? ಅದಕ್ಕೆ ಕೈ ಮಡಚಿದಾಗಿನ ಅಳತೆಗೆ ಅರ್ಧ ಇಂಚು ಸೇರಿಸಿ ತೋಳಿನ ಬಾಯಿಯನ್ನು 12¾ ಇಟ್ಟೆ. ಉದ್ದ ಹತ್ತೂವರೆ ಇಂಚು. ಮಡಿಕೆ ಮೇಲೆಯೇ ಬಂದು ನಿಂತರೆ ಕೈ ಮಡಚಿದಾಗಲೆಲ್ಲ ತೋಳು ಮೇಲಕ್ಕೆ ಹತ್ತಿ ಸುಕ್ಕಾಗುತ್ತದೆ, ಒಂದಿಂಚು ಮೇಲೆ ನಿಲ್ಲಿಸಿದರೆ ಆ ಕಾಟ ಇಲ್ಲ.

ಉದ್ದ ಮತ್ತು ಬಾಯಿ ಸುಲಭದ ಕೆಲಸ. ಕಷ್ಟ ಇರೋದು ಮೇಲೆ, ತೋಳು ಭುಜಕ್ಕೆ ಕೂಡುವ ಬಾಗಿದ ಭಾಗದಲ್ಲಿ. ಅದನ್ನು ನಾವು ಕ್ಯಾಪ್ ಅಂತೀವಿ. ತೋಳು ಕೂಡಿಸೋಕೆ ಬ್ಲೌಸಿನಲ್ಲಿ ಬಿಡುವ ಸುತ್ತು, ಅಂದ್ರೆ ಆರ್ಮ್‌ಹೋಲ್, ಅವರದು 18 ಇಂಚು ಬಂದಿತ್ತು. ಬಗಲ ಮಟ್ಟದಿಂದ ಭುಜದ ತುದಿ ತನಕದ ಕ್ಯಾಪ್ ಎತ್ತರವನ್ನು ಎಂದಿನಂತೆ ನಾಲ್ಕೂವರೆ ಇಂಚು ಇಟ್ಟು ಡ್ರಾಫ್ಟ್ ಮಾಡಿದರೆ, ಆ ಆರ್ಮ್‌ಹೋಲ್‌ಗೆ ಹೊಂದುವ ತೋಳಿನ ಅಗಲ ಸುಮಾರು ಹದಿನೈದೂವರೆ ಇಂಚಿಗೇ ನಿಲ್ಲುತ್ತದೆ. ಅಂದ್ರೆ ರಟ್ಟೆಯಷ್ಟೇ ಬಟ್ಟೆ, ಉಸಿರಾಡೋಕೂ ಜಾಗ ಇಲ್ಲ. ಇಲ್ಲಿ ಆರ್ಮ್‌ಹೋಲನ್ನು ಕೆಳಕ್ಕೆ ಕೊರೆದು ದೊಡ್ಡದು ಮಾಡುವವರು ಇದ್ದಾರೆ. ಆಗ ತೋಳು ಸಡಿಲ ಆಗುತ್ತದೆ ನಿಜ. ಆದರೆ ಕೈ ಎತ್ತಿದರೆ ಇಡೀ ಬ್ಲೌಸ್ ಮೇಲಕ್ಕೆ ಎದ್ದು ಕೆಳಗಿನ ಪಟ್ಟಿ ಎದೆಗೆ ಬರುತ್ತದೆ. ನಾನು ಆರ್ಮ್‌ಹೋಲ್ ಮುಟ್ಟದೆ ಕ್ಯಾಪ್ ಎತ್ತರವನ್ನು ಮೂರೂವರೆಗೆ ಇಳಿಸಿದೆ. ಒಂದಿಂಚು ಇಳಿಸಿದ್ದಕ್ಕೆ ಅಗಲದಲ್ಲಿ ಒಂದಿಂಚಿನಷ್ಟು ಸಿಕ್ಕು, ತೋಳು ಹದಿನಾರೂವರೆ ಆಯಿತು. ದಪ್ಪ ಕೈಗೆ ಖಣದಂಥ ಹಿಗ್ಗದ ಬಟ್ಟೆಯಲ್ಲಿ ಒಂದಿಂಚು ಸಡಿಲು ಬೇಕೇಬೇಕು.

ಇದಕ್ಕೆ ಬೆಲೆಯೂ ಇದೆ. ಕ್ಯಾಪ್ ತಗ್ಗಿಸಿದಾಗ ಕೈ ಇಳಿಬಿಟ್ಟರೆ ಬಗಲ ಹತ್ತಿರ ಒಂದೆರಡು ಮಡಿಕೆ ಬೀಳುತ್ತವೆ. ಮೈಗೆ ಅಂಟಿದ ಹಾಗೆ ನುಣುಪಾಗಿ ಕೂಡುವುದಿಲ್ಲ. ಮೂರು ಇಂಚಿಗಿಂತ ಕೆಳಗೆ ಇಳಿಸಿದರೆ ಆ ಮಡಿಕೆ ಜಾಸ್ತಿಯಾಗಿ ಅಂಗಿ ತೋಳಿನ ಹಾಗೆ ಕಾಣುತ್ತದೆ. ಟೀಚರ್‌ಗೆ ಮೊದಲೇ ಹೇಳಿದ್ದೆ. "ಕೈ ಎತ್ತಿ ಬೋರ್ಡ್ ಮ್ಯಾಲ ಬರಿಯೋದು ಬರ್ತದಲ್ರಿ, ಸಾಕು ಬಿಡ್ರಿ" ಅಂದರು.

ಇನ್ನು ಖಣದ ಅಂಚು. ಖಣದ ಎರಡೂ ಕಡೆ ಬರುವ ಅಂಚನ್ನು ತೋಳಿನ ಬಾಯಿಗೆ ತರೋದು ನಮ್ಮ ಕಡೆಯ ರೂಢಿ. ಐದೂವರೆ ಇಂಚಿನ ತೋಳಿಗೆ ಆ ಅಂಚು ಬಂದಿದ್ದರೆ ಬೇರೆ ಬಣ್ಣದ ಪಟ್ಟಿ ಸರಿಯಾಗಿ ದಪ್ಪ ಜಾಗದ ಸುತ್ತ ಕೂರುತ್ತಿತ್ತು. ಮೊಣಕೈ ಹತ್ತಿರಕ್ಕೆ ಇಳಿದ ಮೇಲೆ ಅದೇ ಅಂಚು ಕೈಯ ಸಣ್ಣ ಭಾಗದಲ್ಲಿ ನಿಂತು ಚೆಂದ ಕಂಡಿತು. ರೇಷ್ಮೆ ಸೀರೆಗಳ ನಾಲ್ಕಿಂಚಿನ ಜರಿ ಬಾರ್ಡರಿಗೂ ನಾನು ಇದೇ ಲೆಕ್ಕ ಹಾಕೋದು. ಗಿಡ್ಡ ತೋಳೇ ಬೇಕು ಅನ್ನುವ ದಪ್ಪ ರಟ್ಟೆಯವರಿಗೆ ಬಾರ್ಡರನ್ನು ಒಳಗೆ ಮಡಚಿ ಒಂದಿಂಚು ಮಾತ್ರ ಕಾಣಿಸುತ್ತೇನೆ.

ತೊಂದರೆ ಬಂದದ್ದು ಬಟ್ಟೆ ಸಾಲದೆ. ಖಣದ ಪನ್ನಾ ಅಂದ್ರೆ ಬಟ್ಟೆಯ ಅಗಲ ಕಡಿಮೆ, ಹತ್ತೂವರೆ ಇಂಚಿನ ಎರಡು ತೋಳು ತೆಗೆದ ಮೇಲೆ ಬೆನ್ನಿಗೆ ಕೊರತೆ ಆಯಿತು. ತೋಳಿನ ಅಗಲವನ್ನು ಕದಿಯುವ ಬದಲು ಎರಡೂ ಬಗಲಲ್ಲಿ ಉಳಿದ ತುಂಡಿನ ಜೋಡಣೆ ಕೊಟ್ಟೆ. ಕೈ ಇಳಿಬಿಟ್ಟರೆ ಅದು ಯಾರಿಗೂ ಕಾಣಲ್ಲ. ಸೀರೆ ಜೊತೆ ಬರುವ 80 ಸೆಂಟಿಮೀಟರ್ ಬ್ಲೌಸ್ ಪೀಸಿನಲ್ಲೂ ಇದೇ ಗೋಳು. ದಪ್ಪ ಮೈಯವರು ಉದ್ದ ತೋಳು ಬೇಕಾದರೆ ಒಂದು ಮೀಟರ್ ಬಟ್ಟೆಯನ್ನು ನಮ್ಮೂರ ಸೂಪರ್ ಮಾರ್ಕೆಟ್ ಪ್ರದೇಶದ ಮ್ಯಾಚಿಂಗ್ ಅಂಗಡಿಗಳಲ್ಲಿ ತಗೊಳ್ಳೋದು ಒಳ್ಳೇದು.

ಹೊಲಿದ ಮೇಲೆ ಹಾಕಿಸಿ ನೋಡುವಾಗ ನಾನು ಸುಕ್ಕುಗಳನ್ನು ನೋಡುತ್ತೇನೆ. ರಟ್ಟೆ ಮೇಲೆ ಅಡ್ಡಡ್ಡ ಎಳೆದ ಸುಕ್ಕು ಇದ್ದರೆ ಅಗಲ ಸಾಲದು. ಭುಜದ ತುದಿಯಿಂದ ಬಗಲ ಕಡೆಗೆ ಓರೆಯಾಗಿ ಎಳೆದಿದ್ದರೆ ಕ್ಯಾಪ್ ಎತ್ತರ ಸಾಲದು, ಅದನ್ನು ಬಗಲ ಹೊಲಿಗೆ ಬಿಚ್ಚಿ ಸರಿ ಮಾಡೋಕೆ ಆಗಲ್ಲ. ಅಗಲದ್ದು ಮಾತ್ರ ಸರಿ ಮಾಡಬಹುದು, ಅದೂ ಒಳಗೆ ಮಾರ್ಜಿನ್ ಬಿಟ್ಟಿದ್ದರೆ. ದಪ್ಪ ತೋಳಿಗೆ ನಾನು ಪ್ರತಿ ಬದಿಗೆ ಒಂದಿಂಚು ಮಾರ್ಜಿನ್ ಬಿಡುತ್ತೇನೆ.

ಮೊಣಕೈ ತನಕ ತೋಳು ಅಂದರೆ ನಮ್ಮ ಬಿಸಿಲಿಗೆ ಕೆಲವರು ಹೆದರುತ್ತಾರೆ. ಕಲಬುರಗಿಯ ಮೇ ತಿಂಗಳು 40 ಡಿಗ್ರಿ ದಾಟಿರುತ್ತದೆ, ಹೆದರಿಕೆ ಸುಳ್ಳಲ್ಲ. ಅಂಥವರಿಗೆ ಎಂಟರಿಂದ ಒಂಬತ್ತು ಇಂಚಿಗೆ ನಿಲ್ಲಿಸುತ್ತೇನೆ. ದಪ್ಪ ಜಾಗ ದಾಟಿರುತ್ತದೆ, ಗಾಳಿಯೂ ಆಡುತ್ತದೆ. ಲೈನಿಂಗ್ ಮಾತ್ರ ತೆಳು ಹತ್ತಿಯದೇ ಇರಲಿ, ಅದನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿರಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ತೋಳು ಮತ್ತೆ ಬಿಗಿಯುತ್ತದೆ. ಹೊಳೆಯುವ ಸ್ಯಾಟಿನ್ ಬೇಡ ಅನ್ನುತ್ತೇನೆ. ಬೆಳಕು ಬಿದ್ದಲ್ಲೆಲ್ಲ ಕೈಯ ಉಬ್ಬು ಎದ್ದು ಕಾಣುತ್ತದೆ.

ಸಣಕಲು ಕೈಯವರ ಸಮಸ್ಯೆ ಉಲ್ಟಾ, ಆದರೆ ಕಡಿಮೆ ಏನಲ್ಲ. ಜೇವರ್ಗಿ ಕಡೆಯ ಒಬ್ಬ ಹುಡುಗಿಯ ರಟ್ಟೆ ಸುತ್ತಳತೆ 9 ಇಂಚು. ಕಾಲೇಜಿನ ಕಾರ್ಯಕ್ರಮಕ್ಕೆ ತಂದಿದ್ದ ರೆಡಿಮೇಡ್ ಬ್ಲೌಸಿನ ತೋಳಿನ ಬಾಯಿ 12. ಗಂಟೆಯೊಳಗಿನ ನಾಲಗೆ ಹಾಗೆ ಕೈ ಅಲ್ಲಾಡುತ್ತಿತ್ತು. ತೋಳು ಸಡಿಲ ಇದ್ದರೆ ತೆಳು ಮುಚ್ಚುತ್ತದೆ ಅಂತ ಅವರ ಅಮ್ಮನ ನಂಬಿಕೆ. ಕೈ ಮತ್ತು ಬಟ್ಟೆ ನಡುವಿನ ಖಾಲಿ ಜಾಗ ಕಂಡಾಗಲೇ ಕೈ ಎಷ್ಟು ಸಣ್ಣ ಅಂತ ಗೊತ್ತಾಗೋದು. ಬಾಯಿಯನ್ನು ಒಂಬತ್ತೂವರೆಗೆ ಇಳಿಸಿ, ಉದ್ದ 4½ ಇಂಚು ಇಟ್ಟೆ. ತುಂಬಿರುವಿಕೆ ಬೇಕಾದದ್ದು ಮೇಲೆ. ಹೊಸ ತೋಳು ಕತ್ತರಿಸುವಾಗ ಕ್ಯಾಪಿನ ನಡುವೆ ಎರಡು ಇಂಚು ಬಟ್ಟೆ ಹೆಚ್ಚು ಬಿಟ್ಟು, ಭುಜದ ಮೇಲ್ಭಾಗದಲ್ಲಷ್ಟೇ ಸಣ್ಣ ನೆರಿಗೆ ಕೊಟ್ಟೆ.

ಈ ಪಫ್ ನಿಲ್ಲೋದು ಗಟ್ಟಿ ಬಟ್ಟೆಯಲ್ಲಿ ಮಾತ್ರ. ಕಾಟನ್, ರಾ ಸಿಲ್ಕ್ ಆದರೆ ತಾನೇ ಎದ್ದು ನಿಲ್ಲುತ್ತದೆ. ಜಾರ್ಜೆಟ್, ಶಿಫಾನ್ ಸೋತು ಕೆಳಗೆ ಬೀಳುತ್ತವೆ, ಅವಕ್ಕೆ ನೆರಿಗೆಯ ಒಳಗೆ ಗಟ್ಟಿ ಆರ್ಗಂಡಿ ಬಟ್ಟೆಯ ಒಂದು ಸಣ್ಣ ಪಟ್ಟಿ ಹೊಲಿಯಬೇಕು. ನೆರಿಗೆ ಮೂರು ಇಂಚು ದಾಟಿದರೆ ಭುಜ ಅಗಲ ಆಗಿ ಕೆಳಗಿನ ಕೈ ಮತ್ತೆ ಕಡ್ಡಿ ಹಾಗೆ ಕಾಣುತ್ತದೆ. ಎಲುಬು ಎದ್ದು ಕಾಣುವ ಭುಜಕ್ಕೆ ಸ್ಲೀವ್‌ಲೆಸ್ ಕೇಳಿದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಭುಜದ ಪಟ್ಟಿಯನ್ನು ಎಲುಬಿನ ತುದಿ ಮುಟ್ಟುವಷ್ಟು ಅಗಲ ಬಿಟ್ಟು, ಆರ್ಮ್‌ಹೋಲನ್ನು ಬಗಲಿಗೆ ಹತ್ತಿರವೇ ಕತ್ತರಿಸುತ್ತೇನೆ.