ಮೂರು ವಾರದ ಕೂಸಿಗೆ ಅಜಿಥ್ರೊಮೈಸಿನ್ ಕೊಟ್ಟಾಗ

ಇಷ್ಟು ಚಿಕ್ಕ ಕೂಸಿಗೆ ನಾಯಿಕೆಮ್ಮು ಬಂದರೆ 'ಹೂಪ್' ಅನ್ನೋ ಸದ್ದು ಕೇಳದೇ ಇರಬಹುದು. ನನ್ನ ಹತ್ತಿರ ಬಂದ ಮಗು ಕೆಮ್ಮಿ ಕೆಮ್ಮಿ ಕೆಂಪಾಗುತ್ತಿತ್ತು. ಆಮೇಲೆ ತುಟಿ ನೀಲಿಯಾಗಿ ಉಸಿರೇ ನಿಲ್ಲುತ್ತಿತ್ತು. ಮನೆಯಲ್ಲಿ ಅಜ್ಜಿಗೆ ವಾರಗಟ್ಟಲೆ ಕೆಮ್ಮು. ಮೂಗಿನಿಂದ ಸ್ವ್ಯಾಬ್ ತೆಗೆದು ಪಿಸಿಆರ್‌ಗೆ ಕಳಿಸಿದೆ. ವರದಿಗೆ ಕಾಯದೆ, ಮಗುವನ್ನು ಅಡ್ಮಿಟ್ ಮಾಡಿ ಅವತ್ತೇ ಅಜಿಥ್ರೊಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಶುರು ಮಾಡಿದೆ.

ಆರು ತಿಂಗಳೊಳಗಿನ ಮಕ್ಕಳಿಗೆ ಲೆಕ್ಕ ಸುಲಭ. ಕಿಲೋಗೆ 10 ಮಿ.ಗ್ರಾಂ., ದಿನಕ್ಕೊಂದು ಸಲ, 5 ದಿನ. ದೊಡ್ಡ ಮಕ್ಕಳಿಗೆ ಎರಡನೇ ದಿನದಿಂದ ಡೋಸ್ ಅರ್ಧ ಮಾಡುತ್ತೇವೆ, ಇವರಿಗೆ ಹಾಗಿಲ್ಲ. ಈ ಮಗು 3.6 ಕಿಲೋ, ಅಂದರೆ 36 ಮಿ.ಗ್ರಾಂ. 5 ಮಿ.ಲೀ.ನಲ್ಲಿ 100 ಮಿ.ಗ್ರಾಂ. ಇರುವ ಸಿರಪ್ಪಾದರೆ 1.8 ಮಿ.ಲೀ. ಆದರೆ ಅಂಗಡಿಯಲ್ಲಿ 5 ಮಿ.ಲೀ.ನಲ್ಲಿ 200 ಮಿ.ಗ್ರಾಂ. ಇರುವ ಬಾಟಲಿಯೂ ಸಿಗುತ್ತೆ. ಅದರಲ್ಲಿ ಅಷ್ಟೇ ಕೊಟ್ಟರೆ ಡೋಸ್ ಎರಡರಷ್ಟಾಗುತ್ತೆ. ಅದಕ್ಕೇ ಚೀಟಿಯಲ್ಲಿ ಮಿ.ಗ್ರಾಂ., ಮಿ.ಲೀ., ಬಾಟಲಿಯ ಸ್ಟ್ರೆಂತ್ ಮೂರನ್ನೂ ಬರೆಯುತ್ತೇನೆ. ಚಮಚ ಬೇಡ, ಸಿರಿಂಜೇ ಆಗಬೇಕು.

ಅಮ್ಮನಿಗೆ ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಗಿಲ ಸ್ನಾಯು ದಪ್ಪಗಾಗಿ ದಾರಿ ಕಿರಿದಾಗುವ ತೊಂದರೆಯೊಂದಿದೆ, ಪೈಲೋರಿಕ್ ಸ್ಟೆನೋಸಿಸ್. 1999ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ನಾಯಿಕೆಮ್ಮು ತಡೆಯಲೆಂದು ಇದೇ ಗುಂಪಿನ ಎರಿಥ್ರೊಮೈಸಿನ್ ಕೊಟ್ಟ ಸುಮಾರು 200 ನವಜಾತ ಶಿಶುಗಳಲ್ಲಿ 7 ಮಕ್ಕಳಿಗೆ ಇದು ಬಂತು. ಆಮೇಲೆ ಒಂದು ತಿಂಗಳೊಳಗಿನವರಿಗೆ ಅಜಿಥ್ರೊಮೈಸಿನ್ ಮೊದಲ ಆಯ್ಕೆಯಾಯಿತು. ಆದರೆ ಅದರಲ್ಲೂ ಈ ಅಪಾಯ ಸ್ವಲ್ಪ ಇದೆ, ಹುಟ್ಟಿದ ಮೊದಲ ಎರಡು ವಾರದಲ್ಲಿ ಜಾಸ್ತಿ. ಹಾಗಂತ ಔಷಧಿ ಬಿಡೋ ಹಾಗಿಲ್ಲ. ಈ ವಯಸ್ಸಲ್ಲಿ ನಾಯಿಕೆಮ್ಮು ಜೀವಕ್ಕೇ ಕುತ್ತು.

ಕಷ್ಟ ಇರುವುದು ವಾಂತಿ ಗುರುತಿಸುವುದರಲ್ಲಿ, ಯಾಕೆಂದರೆ ನಾಯಿಕೆಮ್ಮಲ್ಲೂ ವಾಂತಿ ಆಗುತ್ತೆ. ಮನೆಗೆ ಹೋದ ಕೆಲವು ದಿನಕ್ಕೆ ಅಮ್ಮ ಫೋನ್ ಮಾಡಿದರು, 'ಡಾಕ್ಟ್ರೇ, ಮಗು ಮತ್ತೆ ಕಕ್ತಿದೆ.'

'ಕೆಮ್ಮಿದ ಮೇಲಾ, ಹಾಲು ಕುಡಿದ ಮೇಲಾ ಅಮ್ಮ?'

'ಒಂದೊಂದ್ಸಲ ಕೆಮ್ಮದೇನೂ ಕಕ್ಕತ್ತೆ.'

ತಕ್ಷಣ ಕರೆಸಿದೆ. ಪೈಲೋರಿಕ್ ವಾಂತಿಗೆ ಕೆಮ್ಮು ಬೇಕಿಲ್ಲ. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ದೂರಕ್ಕೆ ಚಿಮ್ಮುತ್ತೆ, ದಿನೇ ದಿನೇ ಜೋರಾಗುತ್ತೆ. ಬರೋದು ಬರೀ ಹಾಲು, ಹಸಿರು ಪಿತ್ತ ಇರಲ್ಲ. ಹಸಿರು ಬಂದರೆ ಅದು ಬೇರೆಯದೇ ತುರ್ತು. ಕಕ್ಕಿದ ಕೂಡಲೇ ಮಗು ಹಸಿದು ಮತ್ತೆ ಎದೆಗೆ ಬಾಯಿ ಹಾಕುತ್ತೆ. ಉಚ್ಚೆ ಕಮ್ಮಿಯಾಗುತ್ತೆ, ತೂಕ ನಿಲ್ಲುತ್ತೆ.

ಈ ಮಗುವಿನ ತೂಕ ಏರಿತ್ತು. ನನ್ನೆದುರೇ ಹಾಲು ಕುಡಿಸಿ ನೋಡಿದೆವು, ಕಟವಾಯಲ್ಲಿ ಸ್ವಲ್ಪ ಜಾರಿತು ಅಷ್ಟೇ. ಆದರೂ ಅಲ್ಟ್ರಾಸೌಂಡ್ ಮಾಡಿಸಿದೆ. ಅದರಲ್ಲಿ ಆ ಸ್ನಾಯುವಿನ ದಪ್ಪ 3 ಮಿ.ಮೀ. ದಾಟಿದ್ದರೆ ಸರ್ಜನ್ ಹತ್ತಿರ ಕಳಿಸುತ್ತಿದ್ದೆ. ದಾಟಿರಲಿಲ್ಲ. ಔಷಧಿ ಮುಗಿದು ಒಂದು ತಿಂಗಳವರೆಗೂ ತೂಕಕ್ಕೆ ಬರಲು ಹೇಳಿದೆ. ಕೆಮ್ಮು ಮಾತ್ರ ಇನ್ನೂ ವಾರಗಟ್ಟಲೆ ಇತ್ತು, ಔಷಧಿ ರೋಗಾಣುವನ್ನು ಕೊಂದರೂ ಅದು ಬಿಟ್ಟುಹೋದ ಕೆಮ್ಮು ಬೇಗ ಹೋಗಲ್ಲ.