‘ರುಚಿಕರ’ ಎನ್ನದೆ ರುಚಿ ತಿಳಿಸುವುದು ಹೇಗೆ?

‘ತಾಜಾ ಟೊಮೆಟೊಗಳಿಂದ ತಯಾರಿಸಿದ ಸ್ವಾದಿಷ್ಟ, ರುಚಿಕರ ಸೂಪ್.’

ಮೆನುವಿನಲ್ಲಿ ಇಂಥ ಸಾಲನ್ನು ನೀವೂ ಓದಿರುತ್ತೀರಿ, ಓದಿ ಮರೆತಿರುತ್ತೀರಿ. ಇದರಲ್ಲಿ ತಪ್ಪೇನೂ ಇಲ್ಲ. ಹೊಸ ವಿಷಯವೂ ಇಲ್ಲ, ಅಷ್ಟೇ. ಸೂಪ್ ಟೊಮೆಟೊದ್ದು ಎಂದು ಹೆಸರಲ್ಲೇ ಗೊತ್ತಾಗಿದೆ. ರುಚಿ ಇಲ್ಲದ ಸೂಪ್ ಮಾರುತ್ತೇವೆ ಎಂದು ಯಾರೂ ಬರೆಯುವುದಿಲ್ಲ.

ಒಂದು ಪದ ಖಾಲಿಯೋ ಅಲ್ಲವೋ ಎಂದು ನೋಡಲು ಇದೇ ಸುಲಭದ ದಾರಿ. ಅದರ ವಿರುದ್ಧ ಪದವನ್ನು ಯಾರಾದರೂ ಮೆನುವಿನಲ್ಲಿ ಹಾಕುತ್ತಾರಾ ಎಂದು ಕೇಳಿಕೊಳ್ಳಿ. ‘ಹುಳಿ’ಗೆ ಎದುರಾಗಿ ‘ಸಿಹಿ’ ಎಂದು ಹಾಕಬಹುದು, ಹಾಗಾಗಿ ‘ಹುಳಿ’ ಉಳಿಯಲಿ. ‘ಸ್ವಾದಿಷ್ಟ’ಕ್ಕೆ ಎದುರಾಗಿ ‘ಸಪ್ಪೆ’ ಎಂದು ಹಾಕುವವರು ಯಾರೂ ಇಲ್ಲ. ಹೊಡೆದುಹಾಕಿ.

‘ತಾಜಾ’ ಸ್ವಲ್ಪ ಕಿಲಾಡಿ ಪದ. ಒಂದು ತಿಂಡಿಯ ಪಕ್ಕದಲ್ಲಿ ‘ತಾಜಾ’ ಎಂದು ಬರೆದರೆ, ಹಾಗೆ ಬರೆಯದ ಉಳಿದವು ಹಳೆಯವಾ ಎಂಬ ಅನುಮಾನ ಶುರುವಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಡ್ಯಾನ್ ಜುರಾಫ್‌ಸ್ಕಿ ಮತ್ತು ಅವರ ಜೊತೆಗಾರರು 6,500 ಮೆನುಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದ್ದರು. ‘ರುಚಿಕರ’ದಂಥ ಸುಮ್ನೆ ಹೊಗಳುವ ಪದಗಳು ಕಡಿಮೆ ಬೆಲೆಯ ತಿಂಡಿಗಳ ಜೊತೆಗೇ ಹೆಚ್ಚಾಗಿ ಕಂಡವು. ಹೇಳಿಕೊಳ್ಳಲು ಬೇರೇನಾದರೂ ಇರುವವರಿಗೆ ಅವು ಬೇಕಾಗುವುದಿಲ್ಲ ಅಲ್ವಾ?

ಹಾಗಾದರೆ ಏನು ಬರೆಯಬೇಕು? ಅದೇ ಟೊಮೆಟೊ ಸೂಪನ್ನು ಹಿಡಿದು ನೋಡೋಣ.

ಮೊದಲು ಒಲೆಯ ಹತ್ತಿರ ಹೋಗಿ

ಮೇಜಿನ ಮುಂದೆ ಕೂತು ಬರೆದರೆ ವಿಶೇಷಣಗಳೇ ಬರುತ್ತವೆ. ಅಡುಗೆ ಮಾಡುವವರ ಪಕ್ಕ ಹತ್ತು ನಿಮಿಷ ನಿಂತರೆ ಕ್ರಿಯಾಪದಗಳು ಸಿಗುತ್ತವೆ. ‘ಇದರಲ್ಲಿ ಏನು ವಿಶೇಷ?’ ಎಂದು ಮಾತ್ರ ಕೇಳಬೇಡಿ. ‘ಎಲ್ಲ ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ‘ಮೊದಲು ಏನು ಮಾಡ್ತೀರಿ? ಆಮೇಲೆ? ಎಷ್ಟು ಹೊತ್ತು? ಇದು ಕೆಟ್ಟರೆ ಎಲ್ಲಿ ಕೆಡುತ್ತೆ?’ ಎಂದು ಕೇಳಿ. ಕೊನೆಯ ಪ್ರಶ್ನೆ ಬಹಳ ಉಪಯೋಗದ್ದು. ಅಡುಗೆಯವರು ಎಲ್ಲಿ ಹುಷಾರಾಗಿರುತ್ತಾರೋ ರುಚಿಯೂ ಸಾಮಾನ್ಯವಾಗಿ ಅಲ್ಲೇ ಹುಟ್ಟುತ್ತದೆ.

ನಮ್ಮ ಸೂಪಿನ ಕತೆ ಹೀಗಿದೆ ಎಂದುಕೊಳ್ಳಿ. ಟೊಮೆಟೊವನ್ನು ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಮೇಲಿರುವಂತೆ ಟ್ರೇಯಲ್ಲಿ ಜೋಡಿಸುತ್ತಾರೆ. ಸಿಪ್ಪೆ ಸುಲಿಯದ ಇಡೀ ಬೆಳ್ಳುಳ್ಳಿಯೂ ಪಕ್ಕದಲ್ಲಿರುತ್ತದೆ. 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಮುಕ್ಕಾಲು ಗಂಟೆ. ನೀರು ಆರಿ ಟೊಮೆಟೊದ ಹುಳಿ, ಸಿಹಿ ಎರಡೂ ಗಟ್ಟಿಯಾಗುತ್ತವೆ, ಅಂಚು ಕಂದುತ್ತದೆ. ಬೆಳ್ಳುಳ್ಳಿಯ ಘಾಟು ಹುಟ್ಟುವುದು ಅದನ್ನು ಹೆಚ್ಚಿದಾಗ, ಜಜ್ಜಿದಾಗ. ಇಡಿಯಾಗಿ ಬೆಂದ ಎಸಳಿನಲ್ಲಿ ಆ ಘಾಟು ಇರುವುದಿಲ್ಲ, ಬೆಣ್ಣೆಯಂತೆ ಮೆತ್ತಗಾಗಿ ಸಿಹಿಯಾಗಿರುತ್ತದೆ. ಕೊನೆಗೆ ಎಲ್ಲವನ್ನೂ ಒಂದು ತುಂಡು ಬ್ರೆಡ್ ಜೊತೆ ಅರೆಯುತ್ತಾರೆ. ಸೂಪ್ ಮಂದವಾಗುವುದು ಆ ಬ್ರೆಡ್‌ನಿಂದ. ಹಾಲು, ಕ್ರೀಮ್ ಏನೂ ಇಲ್ಲ.

ಎರಡೋ ಮೂರೋ ಉಳಿಸಿ

ಇಷ್ಟನ್ನೂ ಮೆನುವಿನಲ್ಲಿ ತುಂಬಿದರೆ ಅದು ಪಾಕವಿಧಾನವಾಗುತ್ತದೆ. ತಿನ್ನುವವರ ನಾಲಿಗೆಗೆ ಗೊತ್ತಾಗುವುದನ್ನು ಮಾತ್ರ ಉಳಿಸಿ. ಓವನ್‌ನ ಡಿಗ್ರಿ ನಾಲಿಗೆಗೆ ಗೊತ್ತಾಗುವುದಿಲ್ಲ, ಬಿಡಿ. ಟೊಮೆಟೊ ಹೋಳು ಮಾಡಿದ್ದೂ ಬೇಡ. ಉಳಿಯುವುದು ಮೂರು: ಸುಟ್ಟ ಟೊಮೆಟೊ, ಇಡಿಯಾಗಿ ಬೆಂದ ಬೆಳ್ಳುಳ್ಳಿ, ಕ್ರೀಮ್ ಬದಲು ಬ್ರೆಡ್.

ಕೆಲಸ ಹೇಳುವ ಪದ ಆರಿಸಿ

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಸುಟ್ಟ, ಹುರಿದ, ಅರೆದ, ಕುಟ್ಟಿದ, ನೆನೆಸಿದ, ಬಸಿದ ಎಂಬ ಪದಗಳು ವಿಶೇಷಣದ ಜಾಗದಲ್ಲೇ ಕೂರುತ್ತವೆ, ಆದರೆ ಒಳಗೆ ಒಂದು ಕೆಲಸವನ್ನು ಇಟ್ಟುಕೊಂಡಿರುತ್ತವೆ. ‘ಅದ್ಭುತ ಟೊಮೆಟೊ’ ಎಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ‘ಸುಟ್ಟ ಟೊಮೆಟೊ’ ಎಂದರೆ ವಾಸನೆಯೇ ಬರುತ್ತದೆ.

ಆದರೆ ಸುಟ್ಟದ್ದು ಬೇರೆ, ಸೀದದ್ದು ಬೇರೆ. ಬರೀ ‘ಸುಟ್ಟ’ ಎಂದರೆ ಬೇಕೆಂದೇ ಸುಟ್ಟರೋ, ಮರೆತು ಸುಟ್ಟರೋ ಎಂದು ಕೆಲವರಿಗೆ ಅನ್ನಿಸಬಹುದು. ಅಲ್ಲಿ ಹೊತ್ತು ನೆರವಿಗೆ ಬರುತ್ತದೆ. ‘ಮುಕ್ಕಾಲು ಗಂಟೆ ಓವನ್‌ನಲ್ಲಿ ಸುಟ್ಟ’ ಎಂದಾಗ ಯಾರೋ ಕಾದು ನಿಂತಿದ್ದಾರೆ ಎಂದು ಗೊತ್ತಾಗುತ್ತದೆ.

ಈಗ ಸಾಲು ಹೀಗಾಯಿತು:

‘ಮುಕ್ಕಾಲು ಗಂಟೆ ಓವನ್‌ನಲ್ಲಿ ಸುಟ್ಟ ಟೊಮೆಟೊ, ಇಡಿಯಾಗಿ ಬೆಂದ ಬೆಳ್ಳುಳ್ಳಿ. ಮಂದ ಮಾಡಿದ್ದು ಬ್ರೆಡ್‌ನಿಂದ, ಕ್ರೀಮ್ ಇಲ್ಲ.’

ಹದಿಮೂರು ಪದ, ಹೊಗಳಿಕೆ ಒಂದೂ ಇಲ್ಲ. ‘ಸೂಪ್’ ಎಂಬ ಪದವೂ ಇಲ್ಲ, ಏಕೆಂದರೆ ಅದು ಮೇಲೆ ಹೆಸರಿನಲ್ಲಿದೆ.

ಹೋಲಿಕೆ ಬಂದಾಗ ಹುಷಾರು

ಇಲ್ಲಿ ನಾನೇ ಎಡವಿದ್ದೇನೆ. ಇಂಥದೇ ಒಂದು ಸೂಪಿಗೆ ಮೊದಲು ‘ಕೆನೆಯಂಥ ನುಣುಪು’ ಎಂದು ಬರೆದುಕೊಟ್ಟಿದ್ದೆ. ಓದಲು ಚಂದವಾಗಿತ್ತು. ಆದರೆ ಹಾಲು ಒಗ್ಗದವರು ಅದನ್ನು ಓದಿ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದರು. ಕ್ರೀಮ್ ಇಷ್ಟವಿದ್ದವರು ತರಿಸಿಕೊಂಡು, ‘ಕೆನೆ ಎಲ್ಲಿ?’ ಎಂದು ಕೇಳುತ್ತಿದ್ದರು. ಎರಡು ಕಡೆಯೂ ನಷ್ಟ. ಮೆನುವಿನಲ್ಲಿ ತಿನ್ನುವ ವಸ್ತುವಿನ ಹೆಸರು ಬಂದರೆ ಜನ ಅದನ್ನು ಹೋಲಿಕೆ ಎಂದು ಓದುವುದಿಲ್ಲ, ಪಾತ್ರೆಯಲ್ಲಿ ಅದು ಇದೆ ಎಂದೇ ಓದುತ್ತಾರೆ.

‘ಬ್ರೆಡ್‌ನಿಂದ’ ಎಂದು ಬಾಯಿಬಿಟ್ಟು ಹೇಳಿದ್ದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ಗೋಧಿ ಆಗದವರಿಗೆ ಸೂಪಿನಲ್ಲಿ ಗೋಧಿ ಇದೆ ಎಂದು ಊಹಿಸಲು ಬೇರೆ ದಾರಿಯೇ ಇಲ್ಲ. ಕಣ್ಣಿಗೆ ಕಾಣದ ಗೋಧಿ, ಕಡಲೆಕಾಯಿ, ಗೋಡಂಬಿ, ಮೊಟ್ಟೆಯನ್ನು ಸಾಲಿನಲ್ಲಿ ಹೇಳಿಬಿಡಿ. ಆದರೆ ಅಲರ್ಜಿಯ ಗುರುತುಗಳನ್ನು ಬೇರೆಯಾಗಿ ಹಾಕಲೇಬೇಕು. ಈ ಒಂದು ಸಾಲನ್ನೇ ನಂಬಿ ಕೂರುವಂತಿಲ್ಲ.

‘ಗರಿಗರಿ’ ಖಾಲಿ ಪದವಲ್ಲ, ಹಲ್ಲಿಗೆ ಗೊತ್ತಾಗುವ ಪದ. ಆದರೆ ಅದಕ್ಕೆ ಆಯಸ್ಸು ಕಡಿಮೆ. ಬಾಣಲೆಯಿಂದ ನೇರ ಮೇಜಿಗೆ ಬಂದರೆ ನಿಜ. ಪಾರ್ಸೆಲ್ ಡಬ್ಬಿಯ ಹಬೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಸುಳ್ಳು. ಪಾರ್ಸೆಲ್ ಮೆನುವಿಗೆ ಬೇರೆ ಸಾಲು ಬರೆಯುವುದೇ ಒಳ್ಳೆಯದು.

ಬರೆದ ಮೇಲೆ ಒಂದು ವಾರ ಕಿವಿ ತೆರೆದಿರಿ

ಸಾಲು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಬಡಿಸುವವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಗಿರಾಕಿಗಳು ಏನು ಕೇಳುತ್ತಾರೆ ಎಂದು ಅವರ ಹತ್ತಿರ ಬರೆದಿಡಲು ಹೇಳಿ. ‘ಇದು ಖಾರನಾ?’ ಎಂದು ದಿನಕ್ಕೆ ನಾಲ್ಕು ಜನ ಕೇಳಿದರೆ ಆ ಉತ್ತರ ಮೆನುವಿನಲ್ಲಿ ಇರಬೇಕಿತ್ತು. ‘ನಾನು ಬೇರೆ ಏನೋ ಅಂದ್ಕೊಂಡಿದ್ದೆ’ ಎಂಬ ಮಾತು ಎರಡು ಸಲ ಬಂದರೆ ಸಾಲಿನಲ್ಲಿ ಯಾವುದೋ ಪದ ದಾರಿ ತಪ್ಪಿಸುತ್ತಿದೆ.

ಅಡುಗೆಮನೆ ಬದಲಾದರೂ ಸಾಲು ಹಾಗೇ ಉಳಿದುಬಿಡುವುದು ಇನ್ನೊಂದು ತೊಂದರೆ. ಟೊಮೆಟೊ ದುಬಾರಿಯಾಯಿತೆಂದು ಡಬ್ಬಿಯ ಟೊಮೆಟೊ ತಂದು ಒಲೆಯ ಮೇಲೆ ಕುದಿಸಿದ ದಿನ, ‘ಮುಕ್ಕಾಲು ಗಂಟೆ ಸುಟ್ಟ’ ಎಂಬುದು ಸುಳ್ಳಾಯಿತು. ಆಗ ‘ಸುಟ್ಟ’ ತೆಗೆದು ಮತ್ತೆ ‘ರುಚಿಕರ’ ಹಾಕುವ ಆಸೆ ಬರುತ್ತದೆ. ಬೇಡ. ಬೆಳ್ಳುಳ್ಳಿ ಇನ್ನೂ ಓವನ್‌ನಲ್ಲೇ ಬೇಯುತ್ತಿದೆಯಾ ಎಂದು ಕೇಳಿ. ಹೌದು ಎಂದರೆ ಸಾಲು ಅಲ್ಲಿಂದಲೇ ಶುರುವಾಗಲಿ: ‘ಸಿಪ್ಪೆಯೊಳಗೇ ಬೆಂದು ಸಿಹಿಯಾದ ಬೆಳ್ಳುಳ್ಳಿ, ಟೊಮೆಟೊ. ಮಂದ ಮಾಡಿದ್ದು ಬ್ರೆಡ್‌ನಿಂದ, ಕ್ರೀಮ್ ಇಲ್ಲ.’